ಐವತ್ತನಾಲ್ಕು ದಿನ

ಅಟ್ಟದ ಮೇಲಿನ ಕಾಯಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದ್ದರೆ ಗಟಗಟ ಎಂದು ಸದ್ದು ಬರುತ್ತದೆ. ಬರದಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ ಹೋಗುತ್ತದೆ. ಹತ್ತು ಹನ್ನೊಂದು ತಿಂಗಳು ಕಾಯುವ ಕೆಲಸ ಅದು. 2022ರ ಜೂನ್ ಮೊದಲ ವಾರ ಅಪ್ಪ ಅಲ್ಲಾಡಿಸಿ ನೋಡದೆಯೇ ಕಾಯಿ ಇಳಿಸಿದ. ಅಟ್ಟಕ್ಕೆ ಹಾಕಿ ಏಳು ತಿಂಗಳೂ ಆಗಿರಲಿಲ್ಲ. ವ್ಯಾಪಾರಿ ಬಂದು ಎರಡು ಕಾಯಿ ಒಡೆದು ನೋಡಿ, ‘ಇನ್ನೂ ಹಸಿ ಇದೆ ಗೌಡರೇ’ ಎಂದು ರೇಟು ಇಳಿಸಿದ. ಅಪ್ಪ ಮಾತಾಡಲಿಲ್ಲ. 24,000 ರೂಪಾಯಿ ಎಣಿಸಿಕೊಂಡು ನನ್ನ ಕೈಗೆ ಕೊಟ್ಟ.

ಅವ್ವ ಮಹಿಳಾ ಸಂಘದಲ್ಲಿ 12,000 ಸಾಲ ತೆಗೆದಳು. ಅದರ ವಾರದ ಕಂತನ್ನು ಹಾಲಿನ ದುಡ್ಡಿನಲ್ಲಿ ತಾನೇ ಕಟ್ಟುವುದಾಗಿ ಹೇಳಿದಳು. ಒಟ್ಟು 36,000. ಹೊಸದುರ್ಗದ ಹತ್ತಿರದ ನಮ್ಮೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟವನ ಬಂಡವಾಳ ಅಷ್ಟು. ಐಟಿಐನಲ್ಲಿ ಎರಡು ವರ್ಷ ಟರ್ನರ್ ಟ್ರೇಡ್ ಓದಿದ್ದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮೆಷಿನ್ ಆಪರೇಟರ್ ಕೆಲಸ ಸಿಕ್ಕಿತ್ತು. ತಿಂಗಳಿಗೆ 16,000 ಎಂದಿದ್ದರು. ಕೆಲಸಕ್ಕೆ ಸೇರಲು ದುಡ್ಡು ಯಾಕೆ ಬೇಕು ಎಂದು ಊರಿನಲ್ಲಿ ಕೆಲವರು ಕೇಳಿದರು. ಸಂಬಳದ ಕೆಲಸಕ್ಕೆ ಹೋಗುವವನು ದುಡ್ಡು ತರಬೇಕೇ ಹೊರತು ಒಯ್ಯುವುದಲ್ಲ ಎಂಬುದು ಅವರ ಲೆಕ್ಕ. ನನಗೂ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ ಮಾತ್ರ ಫೋನಿನಲ್ಲಿ, ‘ಮೂವತ್ತು ಸಾವಿರಕ್ಕೆ ಕಡಿಮೆ ಇಟ್ಟುಕೊಂಡು ಬರಬೇಡ’ ಎಂದಿದ್ದ.

ಹೊರಡುವ ರಾತ್ರಿ ಅವ್ವ ಹತ್ತು ಕೆಜಿ ರಾಗಿ ಹಿಟ್ಟು, ಐದು ಕೆಜಿ ಸಾವೆ ಅಕ್ಕಿ, ಒಂದು ಡಬ್ಬಿ ಹುರುಳಿ ಕಾಳು, ಸಾರಿನ ಪುಡಿ, ಎರಡು ಗಿಟುಕು ಕೊಬ್ಬರಿ ಕಟ್ಟಿದಳು. ಆ ಚೀಲ ನನ್ನ ಬಟ್ಟೆಯ ಬ್ಯಾಗಿಗಿಂತ ಭಾರವಾಗಿತ್ತು. ಮುದ್ದೆ ಕೋಲು ಹಿಡಿಸಲಿಲ್ಲ, ಚೀಲದ ಬಾಯಿಂದ ಹೊರಗೆ ಚಾಚಿಕೊಂಡಿತ್ತು. ಅದನ್ನು ತೆಗೆದಿಡು ಎಂದರೆ ಅವ್ವ ಒಪ್ಪಲಿಲ್ಲ. ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ ದಾಟಿ ಬಸ್ಸು ಬೆಳಗಿನ ಜಾವ ನಾಲ್ಕೂವರೆಗೆ ಜಾಲಹಳ್ಳಿ ಕ್ರಾಸ್ ತಲುಪಿತು. ಪೀಣ್ಯದ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದು ಹಿಂದಿನ ವರ್ಷದ ಡಿಸೆಂಬರಿನಿಂದ ಅದರ ಮೇಲೆ ಭಾರಿ ವಾಹನಗಳನ್ನು ಬಿಡುತ್ತಿರಲಿಲ್ಲ. ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲೇ ಬರುತ್ತಿದ್ದವು. ಅದರಿಂದ ಊರಿಗೆಲ್ಲ ತೊಂದರೆಯಾಗಿತ್ತಾದರೂ ನನಗೆ ಅನುಕೂಲವೇ ಆಯಿತು, ಇಳಿಯಬೇಕಾದ ಜಾಗದಲ್ಲೇ ಇಳಿದೆ. ದೊಡ್ಡಪ್ಪನ ಮಗ ಮಂಕಿ ಕ್ಯಾಪ್ ಹಾಕಿಕೊಂಡು ಮೆಟ್ರೋ ಕಂಬದ ಕೆಳಗೆ ನಿಂತಿದ್ದ. ಮುದ್ದೆ ಕೋಲನ್ನು ಅವನೇ ಹಿಡಿದುಕೊಂಡ.

ಅವನ ಮನೆ ಹೆಗ್ಗನಹಳ್ಳಿಯಲ್ಲಿ. ಒಂದೇ ಕೋಣೆ, ಹೆಂಡತಿ, ಎರಡು ವರ್ಷದ ಮಗು. ಅತ್ತಿಗೆ ಏನೂ ಅನ್ನಲಿಲ್ಲ, ಆದರೆ ರಾತ್ರಿ ನಾನು ಬಾಗಿಲ ಬಳಿ ಮಲಗಿದರೆ ಅವಳು ಬಚ್ಚಲಿಗೆ ಹೋಗಲು ನನ್ನನ್ನು ದಾಟಬೇಕಿತ್ತು. ಒಂದು ವಾರದೊಳಗೆ ಬೇರೆ ಕೋಣೆ ಹುಡುಕಲೇಬೇಕು ಎಂದು ಮೊದಲ ರಾತ್ರಿಯೇ ನಿಶ್ಚಯಿಸಿದೆ.

ಜೂನ್ 13, ಸೋಮವಾರ ಕೆಲಸಕ್ಕೆ ಸೇರಿದೆ. ಮೊದಲ ದಿನ ಮೆಷಿನ್ ಮುಟ್ಟಲಿಲ್ಲ, ಕಾಗದದ್ದೇ ಕೆಲಸ. ಆಧಾರ್, ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೋ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಪಿಎಫ್ ಖಾತೆ ಆಧಾರ್‌ನಲ್ಲಿ ಇರುವ ಹೆಸರಿಗೇ ಆಗಬೇಕು, ಬ್ಯಾಂಕಿನ ಹೆಸರೂ ಅದಕ್ಕೆ ಹೊಂದಬೇಕು, ಇಲ್ಲವಾದರೆ ಮುಂದೆ ಆ ದುಡ್ಡು ತೆಗೆಯುವಾಗ ಕಷ್ಟ ಎಂದು ಕಚೇರಿಯ ಮೇಡಂ ಬಿಡಿಸಿ ಹೇಳಿದರು. ಒಂದು ಅಕ್ಷರಕ್ಕೆ ಇಷ್ಟೊಂದು ಬೆಲೆಯೇ ಎಂದು ಆಗ ಅನ್ನಿಸಿತ್ತು. ನಮ್ಮ ಶೆಡ್ಡಿನಲ್ಲೇ ಹೆಸರು ಹೊಂದದೆ ಹಳೆಯ ಪಿಎಫ್ ಸಿಗದವರು ಇದ್ದಾರೆ ಎಂದು ಆಮೇಲೆ ಗೊತ್ತಾಯಿತು. ಹಾಜರಿಗೆ ಹೆಬ್ಬೆರಳು ಒತ್ತಬೇಕಿತ್ತು. ಯಂತ್ರ ನನ್ನ ಹೆಬ್ಬೆರಳನ್ನು ಓದಲಿಲ್ಲ. ಬೇಸಿಗೆಯಿಡೀ ಕಾಯಿ ಸುಲಿದು ರೇಖೆಗಳು ಸವೆದಿದ್ದವು. ಕೊನೆಗೆ ಎಡಗೈಯ ಉಂಗುರ ಬೆರಳನ್ನು ಒಪ್ಪಿಕೊಂಡಿತು. ಇವತ್ತಿಗೂ ಅದೇ ಬೆರಳು.

ಅಂದು ಕೇಳಿದ ಒಂದು ಪ್ರಶ್ನೆ ನನ್ನನ್ನು ಉಳಿಸಿತು ಎನ್ನಬೇಕು. ಸಂಬಳ ಯಾವತ್ತು ಬರುತ್ತದೆ ಎಂದು ಕೇಳಿದೆ. ‘ಪ್ರತಿ ತಿಂಗಳು 7ಕ್ಕೆ’ ಎಂದರು. ಸರಿ, ಜುಲೈ 7ಕ್ಕೆ ಕೈಗೆ ಹದಿನಾರು ಸಾವಿರ ಎಂದುಕೊಂಡು ಎದ್ದವನನ್ನು ಮೇಡಂ ಕೂರಿಸಿ ಕ್ಯಾಲೆಂಡರ್ ತೋರಿಸಿದರು. ಹಾಜರಿಯ ಲೆಕ್ಕ 26ರಿಂದ ಮುಂದಿನ ತಿಂಗಳ 25ರವರೆಗೆ. 13ಕ್ಕೆ ಸೇರಿದ ನನಗೆ ಜೂನ್ 25ಕ್ಕೆ ಹದಿಮೂರು ದಿನದ ಲೆಕ್ಕ ಮುಗಿಯುತ್ತದೆ, ಅದಷ್ಟೇ ಜುಲೈ 7ಕ್ಕೆ ಬರುತ್ತದೆ. ಪೂರ್ತಿ ತಿಂಗಳ ಸಂಬಳ ಆಗಸ್ಟಿನಲ್ಲಿ. ಆಗಸ್ಟ್ 7 ಭಾನುವಾರವಾದ್ದರಿಂದ 6ಕ್ಕೇ ಹಾಕುತ್ತಾರೆ. ಸಂಜೆ ಅಣ್ಣನ ಮನೆಯಲ್ಲಿ ಕೂತು ಎಣಿಸಿದೆ. ಜೂನ್ 13ರಿಂದ ಆಗಸ್ಟ್ 6ಕ್ಕೆ ಐವತ್ತನಾಲ್ಕು ದಿನ. ಅಪ್ಪನ ಕಾಯಿ ಮತ್ತು ಅವ್ವನ ಸಂಘದ ದುಡ್ಡು ಆ ಐವತ್ತನಾಲ್ಕು ದಿನವನ್ನು ದಾಟಿಸಬೇಕಿತ್ತು. ಊರಿನವರ ಪ್ರಶ್ನೆಗೆ ಉತ್ತರ ಅಂದು ಸಿಕ್ಕಿತು.

ಕೋಣೆ ಹುಡುಕಿದ್ದು ಬೆಳಗಿನ ಪಾಳಿ ಮುಗಿಸಿ ಸಂಜೆಯ ಹೊತ್ತು. ಗೇಟಿಗೆ ನೇತುಹಾಕಿದ ‘ಮನೆ ಬಾಡಿಗೆಗೆ ಇದೆ’ ಬೋರ್ಡು ನೋಡಿಕೊಂಡು ಬೀದಿ ಬೀದಿ ನಡೆದೆ. ಒಂಟಿ ಹುಡುಗರಿಗೆ ಕೊಡುವುದಿಲ್ಲ ಎಂದು ಕೆಲವರು ನಿಂತಲ್ಲೇ ಕಳಿಸಿದರು. ಒಂದು ಮನೆಯಲ್ಲಿ ಎಲ್ಲ ಒಪ್ಪಿಗೆಯಾಗಿ, ಕೀಲಿ ಕೈಯಲ್ಲಿ ಹಿಡಿದುಕೊಂಡೇ ಆ ಯಜಮಾನರು ‘ನಿಮ್ಮದು ಯಾವ ಜನ?’ ಎಂದು ಕೇಳಿದರು. ನಾನು ಹೇಳುವ ಮೊದಲೇ ಅಣ್ಣ, ‘ಬಾರೋ ಹೋಗೋಣ’ ಎಂದು ತೋಳು ಹಿಡಿದು ಎಳೆದುಕೊಂಡು ಬಂದ. ಏನು ಉತ್ತರ ಕೊಟ್ಟಿದ್ದರೂ ಆ ಮನೆಯಲ್ಲಿ ಇರುವುದು ಬೇಡ ಎಂದ. ಹತ್ತು ವರ್ಷದಲ್ಲಿ ಅವನಿಗೆ ಈ ಪ್ರಶ್ನೆ ಎಷ್ಟು ಸಲ ಎದುರಾಗಿದೆಯೋ, ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಸಿಕ್ಕಿದ್ದು ಮೂರನೇ ಮಹಡಿಯ ಮೇಲೆ ಶೀಟ್ ಹಾಕಿದ ಕೋಣೆ. ಹತ್ತು ಅಡಿಗೆ ಹತ್ತು ಅಡಿ, ಮೂಲೆಯಲ್ಲಿ ಒಂದು ಕಟ್ಟೆ ಅಡುಗೆಗೆ, ಹೊರಗೆ ಪಕ್ಕದ ಕೋಣೆಯವರ ಜೊತೆ ಹಂಚಿಕೊಳ್ಳುವ ಬಚ್ಚಲು. ಬಾಡಿಗೆ 3,500, ಅಡ್ವಾನ್ಸ್ 20,000. ಕಾರ್ಖಾನೆಗೆ ನಡೆದರೆ ಇಪ್ಪತ್ತು ನಿಮಿಷ, ಬಸ್ಸಿನ ಖರ್ಚಿಲ್ಲ ಎಂಬುದೇ ನನಗೆ ಮುಖ್ಯವಾಗಿತ್ತು. ಅಡ್ವಾನ್ಸ್ ಎಣಿಸುವ ಮೊದಲು ಅಣ್ಣ ಮೂರು ಮಾತು ಕೇಳಿದ. ಕರೆಂಟಿಗೆ ಬೇರೆ ಮೀಟರ್ ಇದೆಯೇ, ಯೂನಿಟ್ಟಿಗೆ ಎಷ್ಟು? ಖಾಲಿ ಮಾಡುವಾಗ ಸುಣ್ಣ ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತೀರಿ? ನೀರು ಯಾವಾಗ ಬಿಡುತ್ತೀರಿ? ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಓನರ್ ಅಮ್ಮ ಹೇಳಿದ್ದನ್ನು ಕರಾರು ಪತ್ರದಲ್ಲೇ ಬರೆಸಿದ. ಬರೆಸದೆ ಬಿಟ್ಟರೆ ಹೋಗುವ ದಿನ ಒಂದು ತಿಂಗಳು ಎರಡು ತಿಂಗಳಾಗುತ್ತದೆ ಎಂಬುದು ಅವನ ಅನುಭವ. ಜೂನ್ 20ಕ್ಕೆ ಚೀಲ, ಬ್ಯಾಗು, ಮುದ್ದೆ ಕೋಲು ಹೊತ್ತು ಮೆಟ್ಟಿಲು ಹತ್ತಿದೆ. ಅಡ್ವಾನ್ಸು, ಬಾಡಿಗೆ ಕೊಟ್ಟ ಮೇಲೆ ಉಳಿದದ್ದು 12,500. ಐದು ಕೆಜಿಯ ಪುಟ್ಟ ಸಿಲಿಂಡರ್, ಒಲೆ, ಕುಕ್ಕರ್, ಎರಡು ಪಾತ್ರೆ, ಬಕೆಟ್, ಚಾಪೆ, ನೀರಿನ ಕ್ಯಾನ್ ಸೇರಿ 4,300. ಸೇಫ್ಟಿ ಶೂ 850.

ನೀರಿನ ವಿಷಯ ಸ್ವಲ್ಪ ಹೇಳಬೇಕು. ದಿನ ಬಿಟ್ಟು ದಿನ ಬೆಳಿಗ್ಗೆ ಐದಕ್ಕೆ ಬೋರ್ ನೀರು ಬಿಡುತ್ತಿದ್ದರು. ಮೊದಲ ಭಾನುವಾರ ಸಂಭ್ರಮದಿಂದ ಮುದ್ದೆ ಮಾಡಿ, ಸಾರಿಗೆ ತೊಗರಿ ಬೇಳೆ ಇಟ್ಟೆ. ಕುಕ್ಕರ್ ಮೂರು ಸಲ ಕೂಗಿತು, ತೆರೆದರೆ ಬೇಳೆ ಬೇಳೆಯಾಗಿಯೇ ಇತ್ತು. ಮತ್ತೆ ಮೂರು ಸಲ. ಬೆರಳಿನಲ್ಲಿ ಒತ್ತಿದರೆ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಅಂಗಡಿಯವನು ಹಳೆಯ ಬೇಳೆ ಕೊಟ್ಟಿದ್ದಾನೆ ಎಂದುಕೊಂಡೆ. ಪಕ್ಕದ ಕೋಣೆಯ ಗಾರ್ಮೆಂಟ್ಸ್ ಅಕ್ಕ ಪಾತ್ರೆ ನೋಡಿದವಳೇ, ‘ಬೇಳೆಯದು ತಪ್ಪಲ್ಲ ಕಣಪ್ಪ, ನೀರಿನದು. ಇದು ಗಡುಸು ನೀರು’ ಎಂದಳು. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಕಾಳಿನ ಸಿಪ್ಪೆ, ತಿರುಳುಗಳಲ್ಲಿ ಸೇರಿ ಅವನ್ನು ಬಿಗಿ ಮಾಡುತ್ತದೆ, ಎಷ್ಟು ಬೇಯಿಸಿದರೂ ಕರಗಲು ಬಿಡುವುದಿಲ್ಲ. ಅವಳ ಕುಕ್ಕರಿನ ಒಳಗೆ ತಳದಿಂದ ಒಂದು ಬೆರಳು ಎತ್ತರಕ್ಕೆ ಬಿಳಿಯ ಕಿಟ್ಟ ಕಟ್ಟಿತ್ತು. ನಾಲ್ಕೇ ದಿನಕ್ಕೆ ನನ್ನ ಹೊಸ ಕುಕ್ಕರಿನಲ್ಲೂ ತೆಳುವಾಗಿ ಶುರುವಾಗಿತ್ತು.

ಬೀದಿಯ ತುದಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಆಗ ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿತ್ತು. ಬೇಳೆ, ಕಾಳು ಆ ನೀರಿನಲ್ಲಿ, ಅನ್ನ, ಮುದ್ದೆ ಬೋರಿನಲ್ಲಿ ಎಂದು ಅಕ್ಕ ಕಲಿಸಿದಳು. ನಾಣ್ಯ ಮಾತ್ರ ಐದರದ್ದೇ ಬೇಕಿತ್ತು, ಎರಡು ಎರಡು ಒಂದು ಹಾಕಿದರೆ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಐದರ ನಾಣ್ಯ ಬಂದರೆ ಅದನ್ನು ಬೇರೆ ಜೇಬಿಗೆ ಹಾಕುವ ಅಭ್ಯಾಸ ಆಗ ಹತ್ತಿತು. ಇಪ್ಪತ್ತು ಲೀಟರಿನ ಕ್ಯಾನ್ ಹೊತ್ತು ಮೂರು ಮಹಡಿ ಹತ್ತುವಾಗ ಮಾತ್ರ ನಮ್ಮ ತೋಟದ ಬಾವಿ ಕಣ್ಣ ಮುಂದೆ ಬರುತ್ತಿತ್ತು. ಅದರ ನೀರಿನಲ್ಲಿ ಹುರುಳಿ ಎರಡೇ ಕೂಗಿಗೆ ಬೇಯುತ್ತದೆ.

ಈಗ ಕಾರ್ಖಾನೆಗೆ ಬರುತ್ತೇನೆ. ಐಟಿಐನಲ್ಲಿ ನಾನು ಕಲಿತದ್ದು ಕೈಯಿಂದ ನಡೆಸುವ ಲೇತ್. ಚಕ್ರ ತಿರುಗಿಸಿದಷ್ಟೂ ಟೂಲ್ ಮುಂದೆ ಹೋಗುತ್ತದೆ, ಲೋಹ ಸಿಗುವುದು ಅಂಗೈಗೆ ತಿಳಿಯುತ್ತದೆ. ಸಿಎನ್‌ಸಿಯಲ್ಲಿ ಬಾಗಿಲು ಮುಚ್ಚಿಕೊಂಡು ಎಲ್ಲವೂ ಒಳಗೆ ನಡೆಯುತ್ತದೆ, ಗಾಜಿನ ಆಚೆ ಹಾಲಿನಂಥ ಕೂಲೆಂಟ್ ಚಿಮ್ಮುವುದಷ್ಟೇ ಕಾಣುತ್ತದೆ. ನನ್ನ ಮೆಷಿನ್ನಿನಲ್ಲಿ ಆಗುತ್ತಿದ್ದದ್ದು ಗೇಣುದ್ದದ ಉಕ್ಕಿನ ಶಾಫ್ಟ್. ಹೀಗೆ ಮಾಡುವ ಒಂದೊಂದು ತುಂಡನ್ನೂ ಜಾಬ್ ಎನ್ನುತ್ತಾರೆ. ಅದರ ಒಂದು ತುದಿಯಲ್ಲಿ ಬೇರಿಂಗ್ ಕೂರುವ ಜಾಗ 25 ಮಿಲಿಮೀಟರ್ ದಪ್ಪ ಇರಬೇಕು. ಹೆಚ್ಚಾಗುವಂತೆಯೇ ಇಲ್ಲ, ಕಡಿಮೆಯಾದರೆ 0.021 ಮಿಲಿಮೀಟರ್‌ವರೆಗೆ ಮಾತ್ರ. ಅಂದರೆ 25.000ರಿಂದ 24.979ರ ನಡುವೆ ಎಲ್ಲಿದ್ದರೂ ಸರಿ. ಒಂದು ತಲೆಗೂದಲಿನ ದಪ್ಪವನ್ನು ಸುಮಾರು 70 ಮೈಕ್ರಾನ್, ಅಂದರೆ 0.070 ಮಿಲಿಮೀಟರ್ ಎಂದುಕೊಂಡರೆ ನನಗೆ ಸಿಕ್ಕ ಅವಕಾಶ ಅದರಲ್ಲಿ ಮೂರನೇ ಒಂದು ಪಾಲೂ ಇಲ್ಲ.

ಟೂಲಿನ ತುದಿಯಲ್ಲಿರುವ ಇನ್ಸರ್ಟ್ ಎಂಬ ಪುಟ್ಟ ಅಲಗು ಕತ್ತರಿಸುತ್ತಾ ಕತ್ತರಿಸುತ್ತಾ ಸವೆಯುತ್ತದೆ. ಅದು ಸವೆದಂತೆ ಶಾಫ್ಟ್ ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತಾ ಬರುತ್ತದೆ. ಆಪರೇಟರ್ ಐದು ಜಾಬ್‌ಗೆ ಒಂದನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ದಪ್ಪವಾಗುತ್ತಿದ್ದರೆ ಆಫ್‌ಸೆಟ್ ಎಂಬ ಪರದೆಗೆ ಹೋಗಿ ಆ ಟೂಲಿನ ಲೆಕ್ಕದಲ್ಲಿ ಅಷ್ಟನ್ನು ಕಳೆಯಬೇಕು. ಕೆಲಸದ ತಿರುಳು ಇಷ್ಟೇ. ಆದರೆ ಈ ‘ಅಳೆಯುವುದು’ ಎಂಬ ಮಾತಿನಲ್ಲೇ ಬಹಳ ಇದೆ. ಮೆಷಿನ್ನಿನಿಂದ ಈಗಷ್ಟೇ ತೆಗೆದ ಬಿಸಿ ಶಾಫ್ಟ್ ಹಿಗ್ಗಿರುತ್ತದೆ. 25 ಮಿಲಿಮೀಟರಿನ ಉಕ್ಕು ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಐದಾರು ಮೈಕ್ರಾನ್ ದಪ್ಪ ತೋರಿಸುತ್ತದೆ. ಇಪ್ಪತ್ತೊಂದರಲ್ಲಿ ಆರು ಎಂದರೆ ಕಾಲು ಪಾಲಿಗಿಂತ ಹೆಚ್ಚು ಅಲ್ಲೇ ಹೋಯಿತು. ಅದನ್ನು ನಂಬಿ ಕಳೆದರೆ ತಣ್ಣಗಾದ ಮೇಲೆ ಜಾಬ್ ಸಣ್ಣದಾಗಿರುತ್ತದೆ. ಬಟ್ಟೆಯಲ್ಲಿ ಎಣ್ಣೆ ಒರೆಸಿ, ಕಬ್ಬಿಣದ ಮೇಜಿನ ಮೇಲೆ ಇಟ್ಟು, ತಣಿದ ಮೇಲೆ ಅಳೆಯಬೇಕು. ಮೈಕ್ರೋಮೀಟರನ್ನೂ ಬೆಚ್ಚಗಿನ ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿರಬಾರದು.

ಮೂರನೇ ವಾರ ನನ್ನದು ರಾತ್ರಿ ಪಾಳಿ, ಹತ್ತರಿಂದ ಬೆಳಿಗ್ಗೆ ಆರು. ಸೆಟ್ಟರ್ ಅಣ್ಣ ಬಾಗಲಕೋಟೆ ಕಡೆಯವನು, ನಾಲ್ಕು ಮೆಷಿನ್ ನೋಡಿಕೊಳ್ಳುತ್ತಿದ್ದ. ಹೊಸ ಇನ್ಸರ್ಟ್ ಹಾಕಿ, ಮೊದಲ ಜಾಬ್ ಸಣ್ಣದಾಗದಿರಲಿ ಎಂದು ಆಫ್‌ಸೆಟ್ಟಿನಲ್ಲಿ ಸ್ವಲ್ಪ ಹೆಚ್ಚಿಗೆ ಇಟ್ಟು, ಒಂದೆರಡು ಜಾಬ್ ಹೊಂದಿಸಿ ಕೊಟ್ಟು ಬೇರೆ ಮೆಷಿನ್ನಿಗೆ ಹೋದ. ಎರಡೂವರೆ ಹೊತ್ತಿಗೆ ನಾನು ಅಳೆದದ್ದು 25.002 ಬಂತು. ಎರಡು ಮೈಕ್ರಾನ್ ಹೆಚ್ಚು. ನಡುವಿನ ಅಳತೆ 24.990ಕ್ಕೆ ತರಲು 0.012 ಕಳೆಯಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಪರದೆಯಲ್ಲಿ ಆ ಟೂಲಿನ ಮುಂದೆ 0.048 ಇತ್ತು. ನಾನು −0.012 ಎಂದು ಒತ್ತಿ, INPUT ಒತ್ತಿದೆ. ಒತ್ತಬೇಕಾಗಿದ್ದದ್ದು ಅದರ ಪಕ್ಕದ +INPUT.

ಇವೆರಡರ ವ್ಯತ್ಯಾಸ ಇದು. +INPUT ಒತ್ತಿದರೆ ಇರುವ ಅಂಕಿಗೆ ನಾವು ಕೊಟ್ಟದ್ದು ಸೇರುತ್ತದೆ, ಅಂದರೆ 0.048ರಿಂದ 0.012 ಕಳೆದು 0.036 ಆಗುತ್ತದೆ. INPUT ಒತ್ತಿದರೆ ಇದ್ದ ಅಂಕಿ ಅಳಿಸಿಹೋಗಿ ನಾವು ಕೊಟ್ಟದ್ದೇ ಕೂರುತ್ತದೆ. 0.048 ಇದ್ದ ಕಡೆ −0.012 ಕೂತಿತು. ನಾನು ಕಳೆಯಲು ಹೊರಟದ್ದು 0.012, ಕಳೆದದ್ದು 0.060. ಮೆಷಿನ್ ಏನೂ ಹೇಳುವುದಿಲ್ಲ, ಅದಕ್ಕೆ ಎರಡೂ ಸರಿಯೇ. ಬಾಗಿಲು ಮುಚ್ಚಿತು, ಕೂಲೆಂಟ್ ಚಿಮ್ಮಿತು, ಒಂದಾದ ಮೇಲೆ ಒಂದು ಐದು ಶಾಫ್ಟ್ ಹೊರಗೆ ಬಂದವು. ನೋಡಲು ಎಲ್ಲವೂ ಹೊಳೆಯುತ್ತಿದ್ದವು. ಐದನೆಯದನ್ನು ತಣಿಸಿ ಅಳೆದರೆ 24.942. ಮೈಕ್ರೋಮೀಟರ್ ಕೆಟ್ಟಿದೆ ಎಂದುಕೊಂಡು ಒರೆಸಿ ಮತ್ತೆ ಅಳೆದೆ. ಅದೇ ಬಂತು. ಉಳಿದ ನಾಲ್ಕೂ ಹಾಗೆಯೇ. ದಪ್ಪವಾಗಿದ್ದರೆ ಇನ್ನೊಮ್ಮೆ ಕತ್ತರಿಸಿ ಸರಿಮಾಡಬಹುದಿತ್ತು. ಸಣ್ಣದಾದ ಉಕ್ಕನ್ನು ಯಾರೂ ದಪ್ಪ ಮಾಡಲಾರರು.

ಮೆಷಿನ್ ನಿಲ್ಲಿಸಿ ಸೆಟ್ಟರ್ ಅಣ್ಣನನ್ನು ಕರೆದೆ. ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸರಿಯಾದ ಶಾಫ್ಟುಗಳ ಟ್ರೇ ಎರಡೇ ಹೆಜ್ಜೆ ದೂರದಲ್ಲಿತ್ತು, ಇವನ್ನೂ ಅದರಲ್ಲಿ ಸೇರಿಸಿಬಿಡಬಹುದಿತ್ತು. ಆದರೆ ಆ ಜಾಗದಲ್ಲಿ ಬೇರಿಂಗ್ ಕೂರಬೇಕು, ಸಡಿಲವಾದರೆ ಎಲ್ಲೋ ಯಾರದೋ ಪಂಪು ಸದ್ದು ಮಾಡಿಕೊಂಡು ಕೆಡುತ್ತದೆ. ನಮ್ಮ ತೋಟದ ಮೋಟಾರಿನ ಬೇರಿಂಗ್ ಹೋದಾಗ ಅಪ್ಪ ಮೂರು ದಿನ ನೀರಿಲ್ಲದೆ ಒದ್ದಾಡಿದ್ದು ನನಗೆ ಮರೆತಿರಲಿಲ್ಲ. ಅಣ್ಣ ಬಂದು ಪರದೆ ನೋಡಿದ, ಮೊದಲ ನೋಟಕ್ಕೇ ತಿಳಿಯಿತು. ಬೈಯಲಿಲ್ಲ. ಐದಕ್ಕೂ ಕೆಂಪು ಟ್ಯಾಗ್ ಕಟ್ಟಿಸಿ, ರಿಜೆಕ್ಷನ್ ಪುಸ್ತಕದಲ್ಲಿ ನನ್ನ ಕೈಯಿಂದಲೇ ಕಾರಣ ಬರೆಸಿದ. ಆಮೇಲೆ ಹೇಳಿದ: ‘ತಮ್ಮಾ, ಬಟನ್ ಒತ್ತುವ ಮೊದಲು ಹಳೆಯ ಅಂಕಿ ಬರೆದುಕೋ. ಒತ್ತಿದ ಮೇಲೆ ಹೊಸ ಅಂಕಿ ಬರೆದುಕೋ. ಎರಡನ್ನೂ ಬಾಯಿಬಿಟ್ಟು ಓದು. ಆಮೇಲೆ ಒಂದೇ ಜಾಬ್ ಓಡಿಸಿ ಅಳೆ. ಆಫ್‌ಸೆಟ್ ಮುಟ್ಟಿದ ಮೇಲೆ ಐದರ ಲೆಕ್ಕ ಇಲ್ಲ, ಒಂದರದ್ದೇ.’ ಜೇಬಿನಿಂದ ಎಣ್ಣೆ ಹಿಡಿದ ತನ್ನ ಪುಟ್ಟ ನೋಟ್‌ಬುಕ್ ತೆಗೆದು ತೋರಿಸಿದ. ಹದಿನಾಲ್ಕು ವರ್ಷದ ಕೆಲಸಗಾರ, ಇನ್ನೂ ಬರೆಯುತ್ತಿದ್ದ.

ಇನ್ನೊಂದನ್ನೂ ಅವನು ಅದೇ ರಾತ್ರಿ ಕಲಿಸಿದ. ಕಣ್ಣು ಮುಚ್ಚಿಸಿ ಮೆಷಿನ್ನಿನ ಬಾಗಿಲಿಗೆ ಕಿವಿ ಕೊಡಲು ಹೇಳಿದ. ಹೊಸ ಇನ್ಸರ್ಟ್ ಕತ್ತರಿಸುವಾಗ ಒಂದೇ ಸಮನೆ ಸುಯ್ಯೆನ್ನುವ ಸದ್ದು. ಸವೆದಾಗ ಅದರಲ್ಲಿ ಸಣ್ಣಗೆ ಕೀರಲು ಸೇರಿಕೊಳ್ಳುತ್ತದೆ, ಹೊರಬರುವ ಸುರುಳಿಗಳ ಬಣ್ಣ, ಆಕಾರವೂ ಬದಲಾಗುತ್ತವೆ. ಅಳತೆ ಕೆಡುವ ಮೊದಲೇ ಸದ್ದು ಹೇಳುತ್ತದೆ ಎಂದ. ನನಗೆ ಥಟ್ಟನೆ ಅಟ್ಟದ ಕೆಳಗೆ ಕಾಯಿ ಹಿಡಿದು ನಿಂತ ಅಪ್ಪನ ನೆನಪಾಯಿತು. ಆ ಸದ್ದು ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ ಬಂದು ಮಲಗಿದರೆ ಹನ್ನೊಂದಕ್ಕೆ ಶೀಟ್ ಕಾಯುತ್ತಿತ್ತು. ಒದ್ದೆ ಪಂಚೆ ಹೊದ್ದು ಮಲಗುತ್ತಿದ್ದೆ, ಅದು ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಅವ್ವ ಮಧ್ಯಾಹ್ನ ಫೋನ್ ಮಾಡಿದರೆ ನಿದ್ದೆ ಚೆನ್ನಾಗಿ ಆಯಿತು ಎನ್ನುತ್ತಿದ್ದೆ.

ಜುಲೈ 7ಕ್ಕೆ ಮೊದಲ ಸಂಬಳ ಬಂತು, 6,005 ರೂಪಾಯಿ. ಹದಿಮೂರು ದಿನದ ಲೆಕ್ಕ 6,710, ಅದರಲ್ಲಿ ಪಿಎಫ್‌ಗೆ 654, ಇಎಸ್‌ಐಗೆ 51 ಹಿಡಿದಿದ್ದರು. ಐದು ಶಾಫ್ಟ್‌ನ ದುಡ್ಡು ಹಿಡಿಯುತ್ತಾರೇನೋ ಎಂದು ಒಂದು ವಾರದಿಂದ ಹೆದರಿದ್ದೆ, ಹಿಡಿದಿರಲಿಲ್ಲ. ಅಂದು ನನ್ನ ಕೈಯಲ್ಲಿ ಉಳಿದಿದ್ದದ್ದು 2,750. ಎರಡೂ ಸೇರಿ 8,755. 20ಕ್ಕೆ ಬಾಡಿಗೆ 3,500, ಕರೆಂಟು 240. ಆ ತಿಂಗಳು ರಾಗಿ ಹಿಟ್ಟು ಮುಗಿಯದಂತೆ ನೋಡಿಕೊಂಡೆ. ಬೆಳಿಗ್ಗೆ ಉಪ್ಪಿಟ್ಟಿನ ಬದಲು ರಾತ್ರಿಯ ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಲಸಿ ಕುಡಿದು ಹೋಗುತ್ತಿದ್ದೆ. ಮಧ್ಯಾಹ್ನದ ಪಾಳಿಯಲ್ಲಿ ಕಾರ್ಖಾನೆಯ ಊಟವಿರುತ್ತಿತ್ತು. ಅತ್ತಿಗೆ ಎರಡು ಭಾನುವಾರ ಕರೆದು ಊಟ ಹಾಕಿದಳು, ಬರುವಾಗ ಒಂದು ಡಬ್ಬಿ ಹುಳಿ ಕೊಟ್ಟಳು. ಬಾಗಿಲ ಬಳಿ ಮಲಗಿದ್ದ ಆ ಒಂದು ವಾರದ ಋಣವೇ ನನ್ನ ಮೇಲೆ ಇನ್ನೂ ಇದೆ.

ಆಗಸ್ಟ್ 6, ಶನಿವಾರ. ಬೆಳಗಿನ ಪಾಳಿ ಮುಗಿಸಿ ಗೇಟಿನ ಹತ್ತಿರ ಬರುವಾಗ ಬ್ಯಾಂಕಿನ ಸಂದೇಶ ಬಂತು, 14,120. ಪಿಎಫ್ 1,560, ಇಎಸ್‌ಐ 120, ವೃತ್ತಿ ತೆರಿಗೆ 200 ಕಳೆದು ಉಳಿದದ್ದು. ಅದು ಬರುವ ಹೊತ್ತಿಗೆ ನನ್ನ ಬಳಿ ಇದ್ದದ್ದು 640 ರೂಪಾಯಿ, ಬೇರೆ ಜೇಬಿನಲ್ಲಿ ಆರು ಐದರ ನಾಣ್ಯ. ಮೊದಲು ಅವ್ವನ ಖಾತೆಗೆ ಐದು ಸಾವಿರ ಕಳಿಸಿದೆ. ಆಮೇಲೆ ಕೋಣೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಮಳೆ ಜೋರಾಗಿ ಬರುತ್ತಿತ್ತು. ಶೀಟಿನ ಮೇಲೆ ಮಳೆ ಬಿದ್ದರೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ.

‘ಅಪ್ಪಾ, ಅಟ್ಟದಲ್ಲಿ ಇನ್ನೂ ಕಾಯಿ ಉಳಿದಿವೆಯಾ?’ ಎಂದು ಕೂಗಿ ಕೇಳಿದೆ.

‘ಹಿಂದಿನ ಅಂಕಣದ್ದು ಹಾಗೇ ಇದೆ. ಯಾಕೆ, ದುಡ್ಡು ಬೇಕಿತ್ತಾ? ನಾಳೆಯೇ ವ್ಯಾಪಾರಿಗೆ ಹೇಳುತ್ತೇನೆ.’

‘ಬೇಡಪ್ಪ, ಇಳಿಸಬೇಡ. ಪೂರ್ತಿ ಒಣಗಲಿ. ಸದ್ದು ಬಂದ ಮೇಲೆ ಮಾರು.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಏಣಿ ಎಳೆದ ಸದ್ದು, ಅವ್ವ ಏನೋ ಕೇಳಿದ ಸದ್ದು. ಆಮೇಲೆ ಅಪ್ಪನ ದನಿ, ‘ತಡಿ, ಒಂದು ಅಲ್ಲಾಡಿಸುತ್ತೇನೆ. ಕೇಳಿಸಿತಾ?’

ಮಳೆಯಲ್ಲಿ ಏನೂ ಕೇಳಿಸಲಿಲ್ಲ. ಮೊಬೈಲನ್ನು ಅಂಗಿಯೊಳಗೆ ಹಿಡಿದುಕೊಂಡು ಮೂರು ಮಹಡಿ ಇಳಿದು, ಓನರ್ ಅಮ್ಮನ ಮೆಟ್ಟಿಲ ಕೆಳಗಿನ ಮೂಲೆಗೆ ಬಂದು ನಿಂತೆ.

‘ಈಗ ಇನ್ನೊಂದು ಸಲ ಅಲ್ಲಾಡಿಸಪ್ಪ’ ಎಂದೆ.